ಗಡುವು ದಾಟಿದ ಅರ್ಜಿಗೆ ಒಂದು ನೆನಪೋಲೆ

ಸರ್ಕಾರಿ ಕಚೇರಿಗೆ ಬರುವ ನೆನಪೋಲೆಗಳಲ್ಲಿ ಹೆಚ್ಚಿನವು ಒಂದೇ ಸಾಲಿನಿಂದ ಶುರುವಾಗುತ್ತವೆ: 'ನಾನು ಈ ಹಿಂದೆ ತಮ್ಮ ಕಚೇರಿಗೆ ಅರ್ಜಿ ಸಲ್ಲಿಸಿದ್ದು, ಇದುವರೆಗೂ ಯಾವುದೇ ಕ್ರಮ ಆಗಿರುವುದಿಲ್ಲ.' ಯಾವ ಅರ್ಜಿ, ಯಾವತ್ತು ಕೊಟ್ಟದ್ದು, ಅದರ ಸಂಖ್ಯೆ ಎಷ್ಟು ಎಂಬುದು ಪತ್ರದಲ್ಲಿ ಎಲ್ಲೂ ಇರುವುದಿಲ್ಲ. ಬರೆದವರ ಕಷ್ಟ ಮಾತ್ರ ಎರಡು ಪುಟ ತುಂಬಿರುತ್ತದೆ. ಟಪಾಲು ವಿಭಾಗದವರು ಅದಕ್ಕೊಂದು ಮೊಹರು ಒತ್ತಿ, ಹೊಸ ಸಂಖ್ಯೆ ಹಾಕಿ, ಸಂಬಂಧಪಟ್ಟ ಶಾಖೆಗೆ ಕಳಿಸುತ್ತಾರೆ. ಅಲ್ಲಿನ ವಿಷಯ ನಿರ್ವಾಹಕರಿಗೆ ಅದು ಯಾವ ಕಡತಕ್ಕೆ ಸೇರಿದ್ದೆಂದು ತಿಳಿಯದಿದ್ದರೆ, ಹಳೆಯ ಅರ್ಜಿ ಒಂದು ಕಡೆ, ನೆನಪೋಲೆ ಇನ್ನೊಂದು ಕಡೆ ಉಳಿಯುತ್ತದೆ. ಹಳೆಯ ಸಂಖ್ಯೆ ಬರೆದ ಪತ್ರವಾದರೆ ನೇರವಾಗಿ ಹಳೆಯ ಕಡತಕ್ಕೇ ಸೇರುತ್ತದೆ, ಮುಂದಿನ ಸಲ ಆ ಕಡತ ಬಿಚ್ಚಿದವರ ಕಣ್ಣಿಗೂ ಬೀಳುತ್ತದೆ.

ಆ ಸಂಖ್ಯೆ ಎಲ್ಲಿರುತ್ತದೆ? ಸಕಾಲ ವ್ಯಾಪ್ತಿಯ ಸೇವೆಯಾದರೆ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯಲ್ಲಿ. 2011ರ ಕಾಯ್ದೆಯಂತೆ ಸಕಾಲ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟೇ ದಿನ ಎಂದು ಗಡುವು ಗೊತ್ತುಮಾಡಿದೆ. ಚೀಟಿಯಲ್ಲಿ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಸೇವೆ ಯಾವ ದಿನಾಂಕದೊಳಗೆ ಸಿಗಬೇಕು ಎಂಬುದೂ ಇರುತ್ತದೆ. ಇಲಾಖೆಯ ತಂತ್ರಾಂಶ ಪ್ರತ್ಯೇಕ ಅರ್ಜಿ ಸಂಖ್ಯೆ ಕೊಟ್ಟಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ; ಕೌಂಟರಿನವರು ಒಂದನ್ನು ಕೇಳಿದರೆ ಮೇಲಿನವರು ಇನ್ನೊಂದನ್ನು ಕೇಳುತ್ತಾರೆ. ಗಡುವನ್ನು ಮಾತ್ರ ನೀವೇ ಕ್ಯಾಲೆಂಡರ್ ನೋಡಿ ಎಣಿಸಲು ಹೋಗಬೇಡಿ. ಸರ್ಕಾರಿ ರಜಾದಿನಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ನಿಮ್ಮ ಎಣಿಕೆ ತಪ್ಪುತ್ತದೆ, ತಪ್ಪಿದ ಎಣಿಕೆ ಪತ್ರದಲ್ಲಿ ಬಂದರೆ ವಾದವೇ ಸಡಿಲವಾಗುತ್ತದೆ. ಚೀಟಿಯಲ್ಲಿ ಅಚ್ಚಾದ ದಿನಾಂಕವನ್ನೇ ಹಿಡಿದುಕೊಳ್ಳಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಂದೆ ತೀರಿಕೊಂಡಿದ್ದಾರೆ, ಊರಿನ ಮನೆ ಇನ್ನೂ ಅವರ ಹೆಸರಿನಲ್ಲೇ ಇದೆ. ಮಗಳು ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ ಜೋಡಿಸಿ ಪುರಸಭೆಗೆ ಖಾತಾ ಬದಲಾವಣೆಯ ಅರ್ಜಿ ಕೊಟ್ಟದ್ದು 2025ರ ಜೂನ್ 2ರಂದು. ಚೀಟಿಯಲ್ಲಿ ಅಚ್ಚಾದ ಕೊನೆಯ ದಿನ ಜುಲೈ 14 ಎಂದಿಟ್ಟುಕೊಳ್ಳಿ. ಆ ದಿನ ಕಳೆದರೂ ಕಚೇರಿಯಿಂದ ಸುದ್ದಿಯಿಲ್ಲ.

ಪತ್ರ ಬರೆಯುವ ಮೊದಲು ಆಕೆ ಮಾಡಬೇಕಾದ ಕೆಲಸ, ಜಿಎಸ್‌ಸಿ ಸಂಖ್ಯೆ ಹಾಕಿ ಸಕಾಲ ಜಾಲತಾಣದಲ್ಲಿ ಅರ್ಜಿಯ ಸ್ಥಿತಿ ನೋಡುವುದು. ಅಲ್ಲಿ 'ಬಾಕಿ' ಎಂದಿದ್ದರೆ ನೆನಪೋಲೆಗೆ ಅರ್ಥವಿದೆ. 'ತಿರಸ್ಕೃತ' ಎಂದಿದ್ದರೆ ಇಲ್ಲ. ದಾಖಲೆ ಸಾಲದು ಎಂಬ ಒಂದು ಸಾಲಿನ ಕಾರಣ ಕೊಟ್ಟು ಗಡುವಿಗೆ ಸ್ವಲ್ಪ ಮುಂಚೆ ಅರ್ಜಿಯನ್ನು ಮುಗಿಸಿಬಿಟ್ಟರೆ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ತಡವಾದ ಅರ್ಜಿಯೇ ಅಲ್ಲ. ಅರ್ಜಿದಾರರಿಗೆ ಮಾತ್ರ ಅದು ಗೊತ್ತಾಗದೆ, ಮುಗಿದ ಕಡತಕ್ಕೆ ತಿಂಗಳುಗಟ್ಟಲೆ ನೆನಪೋಲೆ ಬರೆಯುತ್ತಿರುತ್ತಾರೆ. ಅರ್ಜಿ ತಿರಸ್ಕಾರವಾಗಿದ್ದರೆ ಕೇಳಿದ ದಾಖಲೆ ಸೇರಿಸಿ ಹೊಸದಾಗಿ ಅರ್ಜಿ ಕೊಡಬೇಕು, ಇಲ್ಲವೇ ಮೇಲ್ಮನವಿ ಹಾಕಬೇಕು.

ನಮ್ಮ ಉದಾಹರಣೆಯ ಅರ್ಜಿ ಬಾಕಿಯೇ ಇದೆ. ಜುಲೈ 17ರಂದು ಆಕೆ ಬರೆಯುವ ಪತ್ರ ಹೀಗಿರಬಹುದು:

ಗೆ,
ಮುಖ್ಯಾಧಿಕಾರಿಗಳು, ಪುರಸಭೆ ಕಾರ್ಯಾಲಯ.

ಮಾನ್ಯರೇ,

ವಿಷಯ: ಖಾತಾ ಬದಲಾವಣೆ ಅರ್ಜಿ ನಿಗದಿತ ಅವಧಿಯೊಳಗೆ ವಿಲೇವಾರಿಯಾಗದಿರುವ ಬಗ್ಗೆ ನೆನಪೋಲೆ – 1.

ಉಲ್ಲೇಖ: ದಿನಾಂಕ 02-06-2025ರ ನನ್ನ ಅರ್ಜಿ, ಸಕಾಲ ಜಿಎಸ್‌ಸಿ ಸಂಖ್ಯೆ (ಚೀಟಿಯಲ್ಲಿರುವಂತೆ).

ಉಲ್ಲೇಖಿತ ಅರ್ಜಿಯನ್ನು 14-07-2025ರೊಳಗೆ ವಿಲೇವಾರಿ ಮಾಡುವುದಾಗಿ ಸ್ವೀಕೃತಿಯಲ್ಲಿ ತಿಳಿಸಲಾಗಿದೆ. ಈ ದಿನಾಂಕ ಕಳೆದಿದ್ದು, ಖಾತೆ ಬದಲಾವಣೆಯ ಆದೇಶವಾಗಲಿ, ಅರ್ಜಿಯಲ್ಲಿ ಕೊರತೆ ಇದೆಯೆಂಬ ತಿಳಿವಳಿಕೆಯಾಗಲಿ ನನಗೆ ಬಂದಿಲ್ಲ. 25-07-2025ರೊಳಗೆ ಖಾತೆ ಬದಲಾಯಿಸಿಕೊಡಬೇಕೆಂದು, ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಸ್ವೀಕೃತಿಯ ಪ್ರತಿ ಲಗತ್ತಿಸಿದೆ.

ಇಷ್ಟೇ ಸಾಕು. ಬಿಲ್ ಕಲೆಕ್ಟರ್ ಏನಂದರು, ಎಷ್ಟು ಸಲ ಅಲೆದಾಡಿದ್ದು ಎಂಬುದೆಲ್ಲ ಇಲ್ಲಿ ಬೇಡ. ಯಾರ ಮೇಲಾದರೂ ಆರೋಪ ಹೊರಿಸಿದಿರೋ, ಉತ್ತರ ಆ ಆರೋಪಕ್ಕೆ ಬರುತ್ತದೆ, ಖಾತೆಯ ವಿಷಯ ಹಿಂದೆ ಬೀಳುತ್ತದೆ. ಕೊನೆಯಲ್ಲಿ ಕೇಳಿದ್ದು ಎರಡರಲ್ಲಿ ಒಂದನ್ನು: ಕೆಲಸ, ಇಲ್ಲವೇ ಲಿಖಿತ ಕಾರಣ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಈ ಎರಡರಲ್ಲಿ ಯಾವುದೂ ಅಲ್ಲ ಎಂಬುದು ಮುಂದೆ ಕಡತ ನೋಡುವ ಯಾರಿಗೂ ಕಾಣುತ್ತದೆ. ಮುಖ್ಯಮಂತ್ರಿಗಳಿಂದ ಹಿಡಿದು ಹತ್ತು ಜನರಿಗೆ ಪ್ರತಿ ಕಳಿಸುವ ಅಭ್ಯಾಸವೂ ನಮ್ಮಲ್ಲಿದೆ. ಆ ಪ್ರತಿಗಳು ಸಾಮಾನ್ಯವಾಗಿ 'ಸೂಕ್ತ ಕ್ರಮಕ್ಕಾಗಿ' ಎಂಬ ಷರಾದೊಂದಿಗೆ ಅದೇ ಕಚೇರಿಗೆ ಮರಳಿ ಬರುತ್ತವೆ. ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಈ ಪತ್ರಕ್ಕೆ ಒಂದು ಮಿತಿಯಿದೆ. ಸಕಾಲ ಕಾಯ್ದೆಯಲ್ಲಿ ಗಡುವು ಮೀರಿದ ಅರ್ಜಿಗೆ ಇರುವ ಕಾನೂನಿನ ದಾರಿ ಮೇಲ್ಮನವಿ. ಸೇವೆ ಕೊಡಬೇಕಾದವರು ಪದನಿರ್ದೇಶಿತ ಅಧಿಕಾರಿ. ಅವರು ಕೊಡದಿದ್ದರೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯದು. ಮೊದಲನೆಯದನ್ನು ಗಡುವು ಮುಗಿದ 30 ದಿನದೊಳಗೆ ಹಾಕಬೇಕು. ನೀವು ನೆನಪೋಲೆ ಕೊಟ್ಟಿದ್ದೀರಿ ಎಂಬ ಕಾರಣಕ್ಕೆ ಈ 30 ದಿನ ನಿಂತು ಕಾಯುವುದಿಲ್ಲ. ಒಂದು, ಎರಡು, ಮೂರು ಎಂದು ನೆನಪೋಲೆ ಬರೆಯುತ್ತ ಹೋದವರು ಮೇಲ್ಮನವಿಯ ಅವಧಿಯನ್ನೇ ಕಳೆದುಕೊಳ್ಳುವುದು ಹೀಗೆ. ಮೇಲಿನ ಪತ್ರದಲ್ಲಿ ಜುಲೈ 25 ಎಂದು ಬರೆದದ್ದಕ್ಕೆ ಕಾರಣ ಇದೇ. ಮೇಲ್ಮನವಿಯ ಕೊನೆಯ ದಿನ ಆಗಸ್ಟ್ 13. ಕಚೇರಿಗೆ ಒಂದು ವಾರ ಕೊಟ್ಟ ಮೇಲೂ ಮಗಳ ಕೈಯಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಸಮಯ ಉಳಿಯುತ್ತದೆ. ಎರಡನೆಯ ನೆನಪೋಲೆ ಬರೆಯುವ ಬದಲು ಆಕೆ ಮೇಲ್ಮನವಿಯನ್ನೇ ಬರೆಯಬೇಕು, ಮೊಹರು ಬಿದ್ದ ಮೊದಲ ನೆನಪೋಲೆಯನ್ನು ಅದಕ್ಕೆ ಲಗತ್ತಿಸಬೇಕು. ಕಚೇರಿಗೆ ವಿಷಯ ಗೊತ್ತಿದ್ದೂ ತಡವಾಯಿತು ಎಂಬುದಕ್ಕೆ ಅದಕ್ಕಿಂತ ಬೇರೆ ದಾಖಲೆ ಬೇಕಿಲ್ಲ.

ತಡಕ್ಕೆ ಪರಿಹಾರವೂ ಉಂಟು: ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅಂದರೆ 25 ದಿನ ತಡವಾದರೆ ಮಿತಿ ಮುಟ್ಟಿತು, ಆಮೇಲೆ ವರ್ಷ ಕಳೆದರೂ ಮೊತ್ತ ಬೆಳೆಯುವುದಿಲ್ಲ. ಈ ಹಣದಿಂದ ಯಾರ ಮನೆಯೂ ತುಂಬದು. ಆದರೆ ಅದು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ವಸೂಲಾಗುವಂಥದ್ದು. ಕಚೇರಿಯಲ್ಲಿ ಯಾರಿಗಾದರೂ ಅದರ ಬಿಸಿ ತಟ್ಟುವುದಾದರೆ ಈ ಕಾರಣಕ್ಕೆ. ನೆನಪೋಲೆಯಲ್ಲಿ ಪರಿಹಾರದ ಬೆದರಿಕೆ ಹಾಕುವುದಕ್ಕಿಂತ ಮೇಲ್ಮನವಿಯಲ್ಲಿ ಅದನ್ನು ಕೇಳುವುದು ಸರಿ.

ಇನ್ನು ಸಕಾಲದ ಪಟ್ಟಿಯಲ್ಲಿಲ್ಲದ ಕೆಲಸಗಳಿವೆ: ಚರಂಡಿ ಒಡೆದ ಬಗ್ಗೆ ದೂರು, ಪಕ್ಕದ ನಿವೇಶನದ ಒತ್ತುವರಿ, ಇಲಾಖೆಗೆ ಬರೆದ ಸಾಮಾನ್ಯ ಮನವಿ. ಅವಕ್ಕೆ ಜಿಎಸ್‌ಸಿ ಸಂಖ್ಯೆಯೂ ಇಲ್ಲ, ಈ ಬಗೆಯ ಮೇಲ್ಮನವಿಯೂ ಇಲ್ಲ. ಅಲ್ಲಿ ಉಲ್ಲೇಖವಾಗಿ ಹಾಕಬೇಕಾದದ್ದು ನಿಮ್ಮ ಹಳೆಯ ಪತ್ರದ ಮೇಲೆ ಟಪಾಲು ವಿಭಾಗ ಹಾಕಿದ ಸಂಖ್ಯೆ ಮತ್ತು ದಿನಾಂಕ. ನೆನಪೋಲೆಗೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ, ಆ ಸಂಖ್ಯೆಯ ಪತ್ರ ಯಾವ ದಿನ ಯಾರ ಮುಂದೆ ಮಂಡನೆಯಾಯಿತು, ಅದರ ಮೇಲೆ ಬರೆದ ಟಿಪ್ಪಣಿಯ ಪ್ರತಿ ಕೊಡಿ ಎಂದು ಕೇಳಬಹುದು. ಉತ್ತರಕ್ಕೆ ಅಲ್ಲಿ 30 ದಿನದ ಗಡುವಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಚರಂಡಿ ಯಾಕೆ ರಿಪೇರಿ ಆಗಿಲ್ಲ ಎಂದು ಜಗಳ ತೆಗೆಯಲು ಅಲ್ಲಿ ಜಾಗವಿಲ್ಲ. ಪತ್ರದ ಸಂಖ್ಯೆ, ದಿನಾಂಕ, ಬೇಕಾದ ದಾಖಲೆ ಇಷ್ಟು ಬರೆದರೆ ಮುಗಿಯಿತು.