ಪಥ್ಯ ಹೇಳುವವರ ಅರ್ಹತೆಯನ್ನು ಅರಿಯುವುದು ಹೇಗೆ?

ವೈದ್ಯರ ಬಳಿ ಹೋದಾಗ ನಾವು ಅವರ ಫಲಕದ ಮೇಲಿನ ಪದವಿಯನ್ನು ಓದುತ್ತೇವೆ. ಪಥ್ಯ ಹೇಳುವವರ ವಿಷಯದಲ್ಲಿ ಮಾತ್ರ ಈ ಎಚ್ಚರ ನಮಗಿರುವುದಿಲ್ಲ. ವರ್ಷಗಟ್ಟಲೆ ಓದಿ ಆಸ್ಪತ್ರೆಯಲ್ಲಿ ತರಬೇತಿ ಪಡೆದವರೂ, ಮೊಬೈಲಿನಲ್ಲಿ ಕೆಲವು ವಾರಗಳ ಕೋರ್ಸು ಮುಗಿಸಿದವರೂ ‘ನ್ಯೂಟ್ರಿಷನಿಸ್ಟ್’ ಎಂಬ ಒಂದೇ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದಾರೆ. ಇಬ್ಬರ ನಡುವಿನ ಅಂತರ ರೋಗಿಯ ಊಟದ ತಟ್ಟೆಯಲ್ಲಿ ಗೋಚರಿಸುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಮೈಸೂರು ಮೈನ್ಸ್‌ನಲ್ಲಿ ವಾಸಿಸುವ ಹಿರಿಯರೊಬ್ಬರು. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿ ದುಡಿದವರು. ತೂಕ 60 ಕಿಲೋ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ದುರ್ಬಲವಾಗಿದೆ. ರಕ್ತದ ಒತ್ತಡಕ್ಕೆ ಮಾತ್ರೆಯೂ ಇದೆ. ಅಲ್ಪಾವಧಿ ಕೋರ್ಸು ಮಾಡಿದ ಸಲಹೆಗಾರರೊಬ್ಬರು ಇವರಿಗೆ ಫೋನಿನಲ್ಲಿಯೇ ಪಥ್ಯ ಹೇಳುತ್ತಾರೆ: ಅನ್ನ ಬಿಡಿ, ಎರಡು ಹೊತ್ತು ರಾಗಿ ಮುದ್ದೆ ಉಣ್ಣಿ, ಸೊಪ್ಪು ಹೆಚ್ಚಿಸಿ, ಬೆಳಿಗ್ಗೆ ಎಳನೀರು ಕುಡಿಯಿರಿ, ಪ್ರೋಟೀನ್ ಪುಡಿ ಸೇವಿಸಿ.

ಮೂತ್ರಪಿಂಡ ಗಟ್ಟಿಯಾಗಿರುವವರಿಗೆ ಈ ಮಾತುಗಳಲ್ಲಿ ಹಲವು ಒಪ್ಪತಕ್ಕವೇ. ಇವರಿಗೆ ಮಾತ್ರ ಅಪಾಯಕರ. ದುರ್ಬಲ ಮೂತ್ರಪಿಂಡವು ಪೊಟ್ಯಾಸಿಯಂ ಎಂಬ ಲವಣವನ್ನು ಸಾಕಷ್ಟು ಹೊರಹಾಕಲಾರದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನು ದೇಹದಲ್ಲಿ ಉಳಿಸುತ್ತವೆ. ಅದು ರಕ್ತದಲ್ಲಿ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು, ಅದೂ ಮುನ್ಸೂಚನೆಯಿಲ್ಲದೆ. ರಾಗಿಯಲ್ಲಿ ಪೊಟ್ಯಾಸಿಯಂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಸೊಪ್ಪು, ಎಳನೀರುಗಳಲ್ಲಿಯೂ ಅದು ಧಾರಾಳವಾಗಿದೆ.

ಇದೇ ಹಿರಿಯರು ನುರಿತ ಆಹಾರತಜ್ಞರ ಬಳಿ ಹೋದರೆ ಅವರು ಮೊದಲು ಕೇಳುವುದು ರಕ್ತಪರೀಕ್ಷೆಯ ವರದಿಯನ್ನು ಮತ್ತು ಮಾತ್ರೆಗಳ ಚೀಟಿಯನ್ನು. ಡಯಾಲಿಸಿಸ್ ಇಲ್ಲದ ಇಂತಹವರಿಗೆ ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂನಂತೆ ದಿನಕ್ಕೆ 48 ಗ್ರಾಂ ಪ್ರೋಟೀನ್ ಸಾಕೆಂದು ಲೆಕ್ಕಹಾಕಿ ಪುಡಿಯನ್ನು ನಿಲ್ಲಿಸುತ್ತಾರೆ. ಡಯಾಲಿಸಿಸ್ ಆರಂಭವಾದರೆ ಅದೇ ಲೆಕ್ಕ ಹೆಚ್ಚಾಗುತ್ತದೆಂಬುದೂ ಅವರಿಗೆ ತಿಳಿದಿರುತ್ತದೆ. ಪೊಟ್ಯಾಸಿಯಂ ಏರಿದ್ದರೆ ಎಳನೀರನ್ನು ಬಿಡಿಸಿ, ಮುದ್ದೆಯ ಅಳತೆಯನ್ನು ಇಳಿಸುತ್ತಾರೆ. ಸೊಪ್ಪನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದು ಪಲ್ಯ ಮಾಡಲು ಹೇಳುತ್ತಾರೆ. ಆದರೆ ನಮ್ಮ ಕೋಲಾರ ಸೀಮೆಯ ಅಡಿಗೆಮನೆಯಲ್ಲಿ ಬಸಿದ ನೀರನ್ನು ಚೆಲ್ಲುವ ವಾಡಿಕೆಯಿಲ್ಲ. ಅದೇ ಬಸ್ಸಾರು ಆಗುತ್ತದೆ! ಬಿಟ್ಟುಹೋದ ಪೊಟ್ಯಾಸಿಯಂ ಸಾರಿನ ಮೂಲಕ ಮತ್ತೆ ತಟ್ಟೆಗೆ ಬರುತ್ತದೆ. ಮನೆಯ ಅಡಿಗೆಯನ್ನು ವಿಚಾರಿಸದೆ ಪಥ್ಯ ಹೇಳುವವರಿಗೆ ಇದು ಹೊಳೆಯುವುದಿಲ್ಲ.

ಇಂತಹ ವಿವೇಚನೆ ಬರುವುದು ರೋಗಿಗಳ ನಡುವಿನ ಅಭ್ಯಾಸದಿಂದ. ಆಹಾರ ಮತ್ತು ಪೋಷಣಶಾಸ್ತ್ರದ ಪದವಿ, ಆಮೇಲೆ ಎಂ.ಎಸ್ಸಿ. ಅಥವಾ ಪಥ್ಯಾಹಾರದ ಸ್ನಾತಕೋತ್ತರ ಡಿಪ್ಲೊಮಾ, ಜೊತೆಗೆ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ತರಬೇತಿ: ಇಷ್ಟು ಮುಗಿಸಿದವರು ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ‘ರಿಜಿಸ್ಟರ್ಡ್ ಡಯಟೀಶಿಯನ್’, ಅಂದರೆ ‘ಆರ್.ಡಿ.’ ಆಗುತ್ತಾರೆ. ಅವರಿಗೊಂದು ನೋಂದಣಿ ಸಂಖ್ಯೆಯಿರುತ್ತದೆ. ಕಲಿಕೆಯನ್ನು ಮುಂದುವರಿಸಿ ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಈ ಸಂಸ್ಥೆ 1963ರಲ್ಲಿ ಸ್ಥಾಪಿತವಾದದ್ದು. ಇದು ವೃತ್ತಿಬಾಂಧವರ ಸಂಘವೇ ಹೊರತು ಸರ್ಕಾರದ ಇಲಾಖೆಯಲ್ಲ.

ಕಾನೂನಿನ ಆಸರೆ ದೊರೆತದ್ದು ಈಚೆಗೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಡಯಟೀಶಿಯನ್ ಮತ್ತು ನ್ಯೂಟ್ರಿಷನಿಸ್ಟ್ ಇಬ್ಬರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆರೋಗ್ಯ ವೃತ್ತಿಪರರ ಪದವಿಶಿಕ್ಷಣ 3,600 ಗಂಟೆಗಳಿಗೆ ಕಡಿಮೆಯಿರಬಾರದೆಂದೂ, ಅರ್ಹರ ಹೆಸರನ್ನು ರಾಜ್ಯ ಮಂಡಳಿಗಳು ದಾಖಲಿಸಬೇಕೆಂದೂ ಅದು ವಿಧಿಸುತ್ತದೆ. ನಾಲ್ಕು ವಾರ, ದಿನಕ್ಕೆ ಎರಡು ಗಂಟೆ ಕಲಿಸುವ ಆನ್‌ಲೈನ್ ಕೋರ್ಸಿನ ಒಟ್ಟು ಅವಧಿ 56 ಗಂಟೆ. ತನ್ನ ಮನೆಯ ಊಟವನ್ನು ತಿದ್ದಿಕೊಳ್ಳಲು ಅದು ಉಪಯುಕ್ತವೇ. ಆದರೆ ಅದರ ಪ್ರಮಾಣಪತ್ರ ಹೇಳುವುದು ‘ಇವರು ಈ ಪಾಠ ಕೇಳಿದ್ದಾರೆ’ ಎಂಬುದನ್ನಷ್ಟೆ. ರೋಗಿಗೆ ಪಥ್ಯ ನಿಗದಿಪಡಿಸುವ ಅಧಿಕಾರವನ್ನು ಅದು ನೀಡುವುದಿಲ್ಲ.

ಆದ್ದರಿಂದ ಬಂಗಾರಪೇಟೆಯಲ್ಲಾಗಲಿ ಕೋಲಾರದಲ್ಲಾಗಲಿ ಪಥ್ಯ ಕೇಳಲು ಹೋದಾಗ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳೋಣ. ಯಾವ ವಿಶ್ವವಿದ್ಯಾಲಯದ ಯಾವ ಪದವಿ? ಯಾವ ಆಸ್ಪತ್ರೆಯಲ್ಲಿ ತರಬೇತಿ? ನೋಂದಣಿ ಸಂಖ್ಯೆ ಎಷ್ಟು? ಆರ್.ಡಿ. ಸಂಖ್ಯೆಯನ್ನು ಸಂಘದಲ್ಲಿ ವಿಚಾರಿಸಿ ತಾಳೆ ನೋಡಬಹುದು. ಆರ್.ಡಿ. ಇಲ್ಲದವರೆಲ್ಲ ಅನರ್ಹರಲ್ಲ, ಪೂರ್ಣ ಪದವಿ ಪಡೆದು ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಅನುಭವಿಗಳೂ ಇದ್ದಾರೆ. ಆದರೆ ವರದಿಯನ್ನು ನೋಡದೆ ಪಥ್ಯ ಹೇಳುವವರನ್ನು, ವೈದ್ಯರ ಮಾತ್ರೆ ನಿಲ್ಲಿಸೆನ್ನುವವರನ್ನು, ತಮ್ಮದೇ ಪುಡಿಯನ್ನು ಮಾರುವವರನ್ನು ಕಂಡರೆ ಎದ್ದು ಬರುವುದು ಲೇಸು. ಹೋಗುವಾಗ ಇತ್ತೀಚಿನ ವರದಿ, ಮಾತ್ರೆಗಳ ಚೀಟಿ, ಮೂರು ದಿನ ಉಂಡದ್ದರ ವಿವರಗಳನ್ನು ಬರೆದು ಒಯ್ಯಬೇಕು. ಅದರಲ್ಲಿ ಬಸ್ಸಾರನ್ನು ಬರೆಯಲು ಮರೆಯದಿರೋಣ.