ಬೀಗ ಹಾಗೇ ಇದೆ, ಕಳ್ಳ ಒಳಗಿದ್ದಾನೆ

2023ರ ಮಾರ್ಚ್ 23ರ ನಸುಕು. ಕೆನಡಾದ ಲೈನಸ್ ಸೆಬಾಸ್ಟಿಯನ್ ಅವರಿಗೆ ಮೂರು ಗಂಟೆಯ ಹೊತ್ತಿಗೆ ಎಚ್ಚರವಾಯಿತು. ಒಂದೂವರೆ ಕೋಟಿ ಚಂದಾದಾರರಿದ್ದ ಅವರ ಯೂಟ್ಯೂಬ್ ಚಾನೆಲ್ ‘ಲೈನಸ್ ಟೆಕ್ ಟಿಪ್ಸ್’ ಅಷ್ಟರಲ್ಲಿ ‘ಟೆಸ್ಲಾ’ ಆಗಿತ್ತು. ಅದರಲ್ಲಿ ಇಲಾನ್ ಮಸ್ಕ್ ಮುಖವಿಟ್ಟುಕೊಂಡು ಕ್ರಿಪ್ಟೊ ಹಣದ ಮೋಸದ ನೇರಪ್ರಸಾರ ನಡೆಯುತ್ತಿತ್ತು. ಅವರು ಪಾಸ್‌ವರ್ಡ್ ಬದಲಿಸಿದರು, ಪ್ರಸಾರದ ಕೀಲಿಯನ್ನು ರದ್ದು ಮಾಡಿದರು. ಒಂದು ಪ್ರಸಾರ ನಿಲ್ಲಿಸಿದರೆ ಮತ್ತೊಂದು ಶುರುವಾಗುತ್ತಿತ್ತು. ಕಂಪ್ಯೂಟರ್ ವಿಷಯವನ್ನೇ ಊರಿಗೆಲ್ಲ ಹೇಳಿಕೊಡುವ ಮನುಷ್ಯನಿಗೆ ಕಳ್ಳ ಯಾವ ಬಾಗಿಲಿಂದ ಬಂದನೆಂಬುದೇ ತಿಳಿಯಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಸಂಸ್ಥೆಯ ಸಿಬ್ಬಂದಿಯೊಬ್ಬರು ಪ್ರಾಯೋಜಕರದೆಂದು ಬಂದ ಮೇಲ್ ನಂಬಿ, ಅದರ ಜೊತೆಗಿದ್ದ ಪಿಡಿಎಫ್‌ನಂತೆ ಕಾಣುವ ಕಡತವನ್ನು ತೆರೆದಿದ್ದರು. ಅದು ಪಿಡಿಎಫ್ ಆಗಿರಲಿಲ್ಲ. ಬ್ರೌಸರ್‌ನಲ್ಲಿದ್ದ ಲಾಗಿನ್ ಗುರುತುಗಳನ್ನು ಕದ್ದೊಯ್ಯುವ ತಂತ್ರಾಂಶವಾಗಿತ್ತು.

ಹಿಂದೆ ಟಾಕೀಸುಗಳಲ್ಲಿ ಇಂಟರ್‌ವಲ್‌ಗೆ ಹೊರಬಂದವರ ಕೈಗೆ ಒಂದು ಗೇಟ್ ಪಾಸ್ ಕೊಡುತ್ತಿದ್ದರು. ಅದನ್ನು ತೋರಿಸಿದರೆ ಟಿಕೆಟ್ ಕೇಳದೆ ಒಳಗೆ ಬಿಡುತ್ತಿದ್ದರು. ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಇಟ್ಟುಕೊಳ್ಳುವ ‘ಕುಕೀ’ ಅಂಥದೇ ಪಾಸ್. ಅದನ್ನು ಕದ್ದವನಿಗೆ ಪಾಸ್‌ವರ್ಡೂ ಬೇಡ, ಮೊಬೈಲಿಗೆ ಬರುವ ಒಟಿಪಿಯೂ ಬೇಡ. ಹಾಗಾಗಿ ‘ನನ್ನ ಪಾಸ್‌ವರ್ಡ್ ಇನ್ನೂ ಕೆಲಸ ಮಾಡುತ್ತಿದೆ, ಏನೂ ಆಗಿಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಗೂಗಲ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಈ ಬಗೆಯ ಕಳ್ಳತನದ ಬಗ್ಗೆ ವಿವರವಾಗಿ ಬರೆದಿತ್ತು. ಕದ್ದ ಚಾನೆಲ್‌ಗಳು ಚಂದಾದಾರರ ಸಂಖ್ಯೆ ನೋಡಿಕೊಂಡು 3 ಡಾಲರಿನಿಂದ 4,000 ಡಾಲರಿನವರೆಗೆ ಬಿಕರಿಯಾಗುತ್ತಿದ್ದವಂತೆ. ಸಣ್ಣ ಚಾನೆಲ್‌ಗೆ ಯಾರು ಬರುತ್ತಾರೆ ಎನ್ನುವವರು ಆ ಮೂರು ಡಾಲರನ್ನು ಗಮನಿಸಬೇಕು.

ಹೆಸರು ಬದಲಾಗಿ ನೇರಪ್ರಸಾರ ಶುರುವಾದರೆ ಊರಿಗೇ ಗೊತ್ತಾಗುತ್ತದೆ. 2024ರ ಸೆಪ್ಟೆಂಬರ್ 20ರಂದು ನಮ್ಮ ಸುಪ್ರೀಂ ಕೋರ್ಟಿನ ಚಾನೆಲ್‌ನಲ್ಲಿ ವಿಚಾರಣೆಗಳ ಬದಲು ‘ರಿಪಲ್’ ಎಂಬ ಕಂಪನಿಯ ಕ್ರಿಪ್ಟೊ ವಿಡಿಯೊ ಕಾಣಿಸಿಕೊಂಡಾಗ ಅದನ್ನು ಪತ್ತೆ ಹಚ್ಚಲು ತಜ್ಞರು ಬೇಕಾಗಲಿಲ್ಲ. ಕಷ್ಟವಿರುವುದು ಗದ್ದಲ ಇನ್ನೂ ಶುರುವಾಗದಿರುವಾಗ. ಸುಳಿವುಗಳು ಆಗಲೂ ಇರುತ್ತವೆ. ಆದರೆ ಅವು ಚಾನೆಲ್‌ನ ಮುಖಪುಟದಲ್ಲಿರುವುದಿಲ್ಲ, ಅದರ ಹಿಂದಿರುವ ಗೂಗಲ್ ಖಾತೆಯಲ್ಲಿರುತ್ತವೆ.

ದಾವಣಗೆರೆಯಲ್ಲಿ ಅಡುಗೆ ಚಾನೆಲ್ ನಡೆಸುವ ಗೃಹಿಣಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಮಿಕ್ಸಿ ಕಂಪನಿಯ ಜಾಹೀರಾತು ಎಂದು ಬಂದ ಕಡತವನ್ನು ನಿನ್ನೆ ಸಂಜೆ ಲ್ಯಾಪ್‌ಟಾಪಿನಲ್ಲಿ ತೆರೆದರು. ಏನೂ ಕಾಣಿಸಲಿಲ್ಲ. ರಾತ್ರಿ ಯಾಕೋ ಅನುಮಾನ ಬಂತು. ಅವರು ಮೊದಲು ಮಾಡಬೇಕಾದ್ದು, ಆ ಕಡತ ತೆರೆಯದ ಮೊಬೈಲಿನಲ್ಲಿ myaccount.google.com ಎಂದು ತಾವೇ ಟೈಪ್ ಮಾಡಿ ಒಳಹೋಗುವುದು. ‘ನಿಮ್ಮ ಖಾತೆ ಅಪಾಯದಲ್ಲಿದೆ, ಇಲ್ಲಿ ಒತ್ತಿ’ ಎಂಬ ಮೇಲ್‌ನ ಕೊಂಡಿಯಿಂದ ಹೋಗಬಾರದು, ಏಕೆಂದರೆ ಅದನ್ನೂ ಕಳ್ಳರೇ ಕಳಿಸಿರಬಹುದು.

ಅಲ್ಲಿನ Security ವಿಭಾಗದಲ್ಲಿ Recent security activity ಎಂಬ ಪಟ್ಟಿಯಿದೆ. ಕಳೆದ 28 ದಿನಗಳಲ್ಲಿ ಯಾವ ಹೊಸ ಸಾಧನದಿಂದ ಲಾಗಿನ್ ಆಯಿತು, ಪಾಸ್‌ವರ್ಡ್ ಯಾವಾಗ ಬದಲಾಯಿತು, ಮರುಪ್ರಾಪ್ತಿಗೆ ಕೊಟ್ಟ ಫೋನ್ ನಂಬರನ್ನು ಯಾರಾದರೂ ಬದಲಿಸಿದರೇ ಎಂಬುದೆಲ್ಲ ದಿನಾಂಕ ಸಮೇತ ಇರುತ್ತದೆ. ಅದರ ಹತ್ತಿರವೇ Your devices ಇದೆ. ಕುಕೀ ಕಳ್ಳ ಹೊಸದಾಗಿ ಲಾಗಿನ್ ಆಗುವುದಿಲ್ಲವಾದ್ದರಿಂದ ಮೊದಲ ಪಟ್ಟಿ ಖಾಲಿಯಿದ್ದರೂ ಈ ಎರಡನೆಯದನ್ನು ನೋಡಲೇಬೇಕು.

ಇಲ್ಲಿ ಜನ ಎರಡು ರೀತಿ ಎಡವುತ್ತಾರೆ. ಒಂದು, ಊರಿನ ಹೆಸರು ಕಂಡು ಗಾಬರಿಯಾಗುವುದು. ದಾವಣಗೆರೆಯ ಫೋನು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇದ್ದಂತೆ ಕಾಣಬಹುದು. ಮೊಬೈಲ್ ಕಂಪನಿಯ ಇಂಟರ್ನೆಟ್ ಬೇರೆ ಊರಿನ ಮೂಲಕ ಹಾಯುವುದರಿಂದ ಹಾಗಾಗುತ್ತದೆ, ಅದು ಕಳ್ಳತನವಲ್ಲ. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ‘ವಿಂಡೋಸ್’ ಎಂದಿದೆ, ನಮ್ಮದೇ ಲ್ಯಾಪ್‌ಟಾಪ್ ಇರಬೇಕು ಎಂದು ಮುಂದೆ ಹೋಗಿಬಿಡುವುದು. ಕದ್ದವನದೂ ವಿಂಡೋಸ್ ಆಗಿರಬಹುದಲ್ಲ! ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದು ಪಟ್ಟಿಯಲ್ಲಿ ಎರಡು ವಿಂಡೋಸ್ ಇದ್ದರೆ, ಅವುಗಳಲ್ಲೊಂದು ಬೇರೆ ದೇಶ ತೋರಿಸುತ್ತಿದ್ದರೆ, ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ ಚಟುವಟಿಕೆ ಕಂಡರೆ ಅದನ್ನು ಬಿಡಬಾರದು. ಸಾಧನ, ಜಾಗ, ಹೊತ್ತು ಈ ಮೂರನ್ನೂ ಕೂಡಿಸಿ ನೋಡಿದಾಗಲೇ ಉತ್ತರ ಸಿಗುವುದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದರೆ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ Last account activity ಎಂದಿರುತ್ತದೆ. ಅದರ ಪಕ್ಕದ Details ಒತ್ತಿದರೆ ಇನ್ನೊಂದು ಸಾಕ್ಷಿ ದೊರೆಯುತ್ತದೆ.

ಆಮೇಲೆ ಬದಲಾದ ವಿವರಗಳು. ಚಾನೆಲ್ ಹೆಸರು, ಚಿತ್ರ, ವಿವರಣೆಯಂತೂ ಕಣ್ಣಿಗೆ ಬೀಳುತ್ತವೆ. ಅಷ್ಟು ಸುಲಭವಾಗಿ ಕಾಣದ ಜಾಗ ಯೂಟ್ಯೂಬ್ ಸ್ಟುಡಿಯೊದ Settings ಒಳಗಿನ Permissions. ಚಾನೆಲ್ ನಡೆಸುವ ಅಧಿಕಾರ ಯಾರ್ಯಾರಿಗಿದೆ ಎಂಬ ಪಟ್ಟಿ ಅದು. ಗೊತ್ತಿಲ್ಲದ ಮೇಲ್ ವಿಳಾಸವೊಂದು ಅಲ್ಲಿ ಮ್ಯಾನೇಜರ್ ಆಗಿ ಕೂತಿದ್ದರೆ, ಮನೆಯೊಡತಿ ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಅವನು ತನ್ನ ಖಾತೆಯಿಂದಲೇ ಬಂದುಹೋಗುತ್ತಿರುತ್ತಾನೆ. ಹಳೆಯ ವಿಡಿಯೊಗಳು ಕಾಣೆಯಾಗಿದ್ದರೆ ಎದೆಗುಂದಬೇಕಿಲ್ಲ. ಎಷ್ಟೋ ಸಲ ಅವನ್ನು ಅಳಿಸಿರುವುದಿಲ್ಲ, ಪ್ರೈವೇಟ್ ಮಾಡಿರುತ್ತಾರೆ, ಸ್ಟುಡಿಯೊದ ಪಟ್ಟಿಯಲ್ಲಿ ಸಿಗುತ್ತವೆ. ಹಣ ಬರುವ ಚಾನೆಲ್ ಆದರೆ ಜೋಡಿಸಿದ ಆಡ್‌ಸೆನ್ಸ್ ಖಾತೆ ತಮ್ಮದೇ ಹೌದೇ ಎಂದೂ ನೋಡಬೇಕು.

ಹೆಚ್ಚಿನವರು ಹೋಗದ ಮೂಲೆಯೊಂದಿದೆ, ಜಿಮೇಲ್‌ನ ಫಿಲ್ಟರ್‌ಗಳು. ಗೂಗಲ್‌ನಿಂದ ಬರುವ ಎಚ್ಚರಿಕೆಯ ಮೇಲ್‌ಗಳನ್ನೆಲ್ಲ ತೆರೆಯುವ ಮೊದಲೇ ಕಸಕ್ಕೆ ಹಾಕು ಎಂಬ ನಿಯಮವನ್ನು ಕಳ್ಳ ಅಲ್ಲಿ ಬರೆದಿಡಬಹುದು, ಅಥವಾ ಮೇಲ್‌ಗಳ ಪ್ರತಿ ತನ್ನ ವಿಳಾಸಕ್ಕೆ ಹೋಗುವಂತೆ ಮಾಡಬಹುದು. ‘ನನಗೆ ಯಾವ ಎಚ್ಚರಿಕೆಯೂ ಬರಲಿಲ್ಲ’ ಎನ್ನುವವರು ಮೊದಲು ಜಿಮೇಲ್ ಸೆಟ್ಟಿಂಗ್ಸ್‌ನ Filters and Blocked Addresses ಮತ್ತು Forwarding ಎರಡನ್ನೂ ತೆರೆದು ನೋಡಬೇಕು.

ಪಟ್ಟಿಯಲ್ಲಿ ಅಪರಿಚಿತ ಸಾಧನ ಸಿಕ್ಕಿತು ಎನ್ನೋಣ. ಅದರ ಹೆಸರು ಒತ್ತಿ Sign out ಕೊಡಬೇಕು. ಪಾಸ್‌ವರ್ಡನ್ನು ಮೊಬೈಲಿನಿಂದಲೇ ಬದಲಿಸಬೇಕು. ಲ್ಯಾಪ್‌ಟಾಪನ್ನು ಇಂಟರ್ನೆಟ್‌ನಿಂದ ಬಿಡಿಸಿ, ಸ್ವಚ್ಛ ಮಾಡಿಸುವವರೆಗೆ ಅದರಲ್ಲಿ ಲಾಗಿನ್ ಆಗಬಾರದು. ಇಲ್ಲದಿದ್ದರೆ ಹೊಸ ಪಾಸ್‌ವರ್ಡಿನ ಹೊಸ ಕುಕೀಯೂ ಅದೇ ದಾರಿ ಹಿಡಿಯುತ್ತದೆ. ಚಾನೆಲ್‌ಗೆ ಮಗನೋ ಎಡಿಟಿಂಗ್ ಮಾಡುವ ಹುಡುಗನೋ ಕೈಹಾಕುತ್ತಿದ್ದರೆ ಅವರ ಖಾತೆಗಳನ್ನೂ ಹೀಗೇ ಜಾಲಾಡಬೇಕು. ಆ ನಸುಕಿನಲ್ಲಿ ಲೈನಸ್ ತಬ್ಬಿಬ್ಬಾದದ್ದು ಇಲ್ಲೇ: ತೂತು ಬಿದ್ದದ್ದು ಯಾರ ಖಾತೆಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರ ಚಾನೆಲ್ ಯೂಟ್ಯೂಬಿನ ನೆರವಿನಿಂದ ವಿಡಿಯೊಗಳ ಸಮೇತ ಬೇಗನೆ ಮರಳಿ ಬಂತು. ಅಷ್ಟು ದೊಡ್ಡ ಹೆಸರಿಲ್ಲದವರಿಗೆ ಆ ವೇಗ ಸಿಗುವುದು ಅನುಮಾನ.

ಒಳಗೇ ಹೋಗಲಾಗದಿದ್ದರೆ, ದಿನವೂ ಬಳಸುವ ಫೋನಿನಿಂದ, ದಿನವೂ ಇರುವ ಜಾಗದಿಂದಲೇ g.co/recover ತೆರೆಯಬೇಕು. ಗೂಗಲ್ ಆ ಪರಿಚಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಳ್ಳ ಮರುಪ್ರಾಪ್ತಿಯ ಫೋನ್ ನಂಬರನ್ನು ಬದಲಿಸಿದ್ದರೂ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಒಂದು ವಾರ ಇಟ್ಟಿರಬಹುದು. ಹಾಗಾಗಿ ‘ಭಾನುವಾರ ಬಿಡುವಾದಾಗ ನೋಡೋಣ’ ಎನ್ನದೆ ಆ ದಿನವೇ ಕೂರುವುದು ಒಳ್ಳೆಯದು.