ಹನ್ನೆರಡು ತಿಂಗಳ ಲೆಕ್ಕ ಇಟ್ಟು ನೋಡಿ

ಅಕ್ಕಂದಿರೇ, ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ. ಮಳೆ ಬಿದ್ದು ಹಸಿ ಮೇವು ಸಿಕ್ಕರೆ ಏರುತ್ತದೆ. ಹಾಗಾಗಿ ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಕೊಟ್ಟಿಗೆಯ ನಿಜಸ್ಥಿತಿ ತಿಳಿಯುವುದಿಲ್ಲ.

ಪಾಸ್‌ಬುಕ್ ತೆಗೆದು, ಕಳೆದ 12 ತಿಂಗಳು ಡೇರಿಗೆ ಹಾಕಿದ ಹಾಲನ್ನು ಕೂಡಿ. ಮುಂದೆ ಪ್ರತಿ ತಿಂಗಳ ಕೊನೆಗೆ ಹೊಸ ತಿಂಗಳ ಹಾಲು ಸೇರಿಸಿ, ಹೋದ ವರ್ಷದ ಅದೇ ತಿಂಗಳಿನದನ್ನು ಕಳೆಯಿರಿ. ಮೊತ್ತದಲ್ಲಿ ಯಾವಾಗಲೂ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಇರುವುದರಿಂದ ಕಾಲದ ಏರಿಳಿತ ಕಾಡುವುದಿಲ್ಲ.

ಎರಡು ಹಸುಗಳಿವೆ, ಮೇ ಕೊನೆಗೆ ಮೊತ್ತ 4,200 ಲೀಟರ್ ಎಂದುಕೊಳ್ಳಿ. ಮೇನಲ್ಲಿ 300 ಇದ್ದ ಹಾಲು ಜೂನ್‌ನಲ್ಲಿ 340 ಆಯಿತು. ಏರಿತು ಎನಿಸುತ್ತದೆ. ಆದರೆ ಹೋದ ಜೂನ್‌ನಲ್ಲಿ 380 ಇತ್ತು. ಮೊತ್ತ 4,160ಕ್ಕೆ ಇಳಿಯಿತು. ಜುಲೈನಲ್ಲಿ 350, ಹೋದ ಜುಲೈನಲ್ಲಿ 400, ಈಗ 4,110.

ಒಂದು ತಿಂಗಳ ಇಳಿಕೆಗೆ ಗಾಬರಿ ಬೇಡ. ಮೂರು ತಿಂಗಳು ಸತತ ಇಳಿದರೆ ಮೊದಲು ಕರು ಹಾಕಿದ ದಿನಾಂಕ ನೋಡಿ. ಹಸು ಗಬ್ಬ ನಿಲ್ಲುವುದು ತಡವಾಗಿದ್ದರೆ ಹಾಲಿಲ್ಲದ ದಿನಗಳು ಹೆಚ್ಚಾಗಿರುತ್ತವೆ. ಅದು ಸರಿಯಿದ್ದರೆ, ಹೊರಗೆ ಕಾಣದ ಕೆಚ್ಚಲು ಬಾವು ಇದೆಯೇ ಎಂದು ಪರೀಕ್ಷೆ ಮಾಡಿಸಿ. ಹಸು ಮಾರಿದ್ದರೆ ಮಾತ್ರ ಆ ಇಳಿಕೆ ಒಂದು ವರ್ಷ ಲೆಕ್ಕದಲ್ಲಿ ಕಾಣುತ್ತಲೇ ಇರುತ್ತದೆ, ಅದು ರೋಗವಲ್ಲ.